ಲೈಟ್ ಸಿಗರೇಟಿನ ಟಾರ್ ಲೆಕ್ಕ: ಮೆಷಿನ್ ಎಳೆದದ್ದೇ ಬೇರೆ, ನೀವು ಎಳೆಯೋದೇ ಬೇರೆ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ನಮ್ಮದು ಚಿಕ್ಕ ಕಾಫಿ ತೋಟ. ನನಗೆ 47 ವರ್ಷ. ಮೊದಲು ದಿನಕ್ಕೆ 10 ಸ್ಟ್ರಾಂಗ್ ಸಿಗರೇಟ್ ಸೇದುತ್ತಿದ್ದೆ. ಸುಮಾರು 11 ವರ್ಷದ ಹಿಂದೆ ಎದೆ ಭಾರ ಅನ್ನಿಸಿ, ಟಾರ್ ಅರ್ಧ ಇರುತ್ತೆ ಅಂತ ಲೈಟ್‌ಗೆ ಬದಲಾಯಿಸಿದೆ. ಗಂಟಲು ಉರಿ ನಿಜಕ್ಕೂ ಕಮ್ಮಿಯಾಯಿತು. ಈಗ ದಿನಕ್ಕೆ 16 ಆಗುತ್ತೆ. ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮು, ಕಫ. ಮಗಳು ಇಂಟರ್‌ನೆಟ್ ನೋಡಿ, 'ಅಪ್ಪಾ, ಅದರ ಫಿಲ್ಟರಿನಲ್ಲಿ ತೂತು ಇದೆ, ಅಷ್ಟೇ' ಅಂತಾಳೆ. ಅಂಗಡಿಯವನು ತೆಳು ಸಿಗರೇಟ್ ತಗೊಳ್ಳಿ, ಇನ್ನೂ ಕಮ್ಮಿ ಅಂತಾನೆ. ಇಷ್ಟು ವರ್ಷ ನಾನು ಸ್ವಲ್ಪವಾದ್ರೂ ಟಾರ್ ಉಳಿಸಿದ್ದೀನಾ? ತೆಳುವಿಗೆ ಹೋಗಲೇ, ಹಳೆಯದಕ್ಕೇ ವಾಪಸ್ ಹೋಗಲೇ?

ಉತ್ತರ:

ನಿಮ್ಮ ಮಗಳು ಹೇಳಿದ್ದು ಸರಿ. ತೂತು ಇದೆ, ಮತ್ತು ಬಹುಪಾಲು ವಿಷಯ ಆ ತೂತಿನಲ್ಲೇ ಇದೆ. ಟಾರ್ ಉಳಿಸಿದ್ದೀರಾ ಅಂದರೆ, ಪ್ಯಾಕೆಟ್ ನಂಬಿಸಿದಷ್ಟು ಖಂಡಿತ ಇಲ್ಲ. ಹತ್ತರಿಂದ ಹದಿನಾರಕ್ಕೆ ಹೋಗಿದ್ದೀರಿ ಅನ್ನೋದನ್ನು ಸೇರಿಸಿದರೆ ಮೊದಲಿಗಿಂತ ಜಾಸ್ತಿಯೇ ಒಳಗೆ ಹೋಗಿರುವ ಸಾಧ್ಯತೆ ಇದೆ.

ಮೊದಲು ಒಂದು ಸಿಗರೇಟ್ ಹಾಳು ಮಾಡಿ ನೋಡಿ. ಹಚ್ಚಬೇಡಿ. ಫಿಲ್ಟರ್ ಸುತ್ತ ಇರುವ ಕಾಗದವನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಮೊಬೈಲ್ ಟಾರ್ಚಿನ ಎದುರು ಹಿಡಿಯಿರಿ. ಬಾಯಿಗಿಡುವ ತುದಿಯಿಂದ ಹೆಚ್ಚುಕಮ್ಮಿ 12 ಮಿ.ಮೀ. ದೂರದಲ್ಲಿ, ಸುತ್ತಲೂ ಒಂದೋ ಎರಡೋ ಸಾಲು ಸೂಜಿಮೊನೆಯಂಥ ಚುಕ್ಕೆಗಳಲ್ಲಿ ಬೆಳಕು ತೂರಿ ಬರುತ್ತದೆ. ಸಾಮಾನ್ಯವಾಗಿ ಲೇಸರ್‌ನಿಂದ ಕೊರೆದ ತೂತುಗಳು ಇವು. ಸಿಗರೇಟು ಕೈಯಲ್ಲಿದ್ದಾಗ ಇವು ಕಣ್ಣಿಗೆ ಬೀಳೋದೇ ಕಷ್ಟ. ವರ್ಷಗಟ್ಟಲೆ ಸೇದಿದವರಿಗೂ ಇವು ಇರೋದು ಗೊತ್ತಿರಲ್ಲ.

ನೀವು ದಮ್ಮು ಎಳೆದಾಗ ಉರಿಯುವ ತುದಿಯಿಂದ ಹೊಗೆ ಬರುತ್ತದೆ, ಅದೇ ಹೊತ್ತಿಗೆ ಈ ತೂತುಗಳಿಂದ ಹೊರಗಿನ ಗಾಳಿಯೂ ನುಗ್ಗುತ್ತದೆ. ಎರಡೂ ಬೆರೆತು ಬಾಯಿಗೆ ಬರುತ್ತವೆ. ಗಾಳಿ ಬೆರೆತ ಹೊಗೆ ತೆಳು, ತಣ್ಣಗೆ, ಗಂಟಲಿಗೆ ಹಗುರ. ನಿಮ್ಮ ಗಂಟಲು ಉರಿ ಕಮ್ಮಿಯಾಗಿದ್ದು ಭ್ರಮೆ ಅಲ್ಲ, ಅದರ ಕಾರಣ ಇದು. ಆದರೆ ಒಳಗಿನ ಹೊಗೆಸೊಪ್ಪು ಬೇರೆ ಥರದ್ದೇನಲ್ಲ. ಸ್ಟ್ರಾಂಗ್ ಇರಲಿ, ಲೈಟ್ ಇರಲಿ, ಒಂದು ಸಿಗರೇಟಿನ ಸೊಪ್ಪಿನಲ್ಲಿ ಸಾಮಾನ್ಯವಾಗಿ 10 ಮಿ.ಗ್ರಾಂ ಮೇಲ್ಪಟ್ಟು ನಿಕೋಟಿನ್ ಇರುತ್ತದೆ. ಸೇದುವವನು ಅದರಿಂದ ದೇಹಕ್ಕೆ ತೆಗೆದುಕೊಳ್ಳೋದು ಸುಮಾರು 1 ಮಿ.ಗ್ರಾಂ, ಒಂದೂವರೆ ಅಂದುಕೊಳ್ಳಿ. ಅಂದರೆ ಲೈಟ್ ಸಿಗರೇಟಿನಲ್ಲೂ ಸರಕು ಬೇಕಾದಷ್ಟಿದೆ. ಎಷ್ಟು ಎಳೆದುಕೊಳ್ಳುತ್ತೀರಿ ಅನ್ನೋದು ನಿಮ್ಮ ಕೈಯಲ್ಲಿದೆ. ಸರಿಯಾಗಿ ಹೇಳಬೇಕೆಂದರೆ ನಿಮ್ಮ ಮಿದುಳಿನ ಕೈಯಲ್ಲಿದೆ.

ಹಾಗಾದರೆ ಕಮ್ಮಿ ಟಾರ್ ಅನ್ನುವ ಅಂಕಿ ಎಲ್ಲಿಂದ ಬಂತು? ಸಿಗರೇಟ್ ಸೇದುವ ಮೆಷಿನ್‌ನಿಂದ. 1967ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ಪರೀಕ್ಷಾ ವಿಧಾನ ಶುರು ಮಾಡಿತು. ಮೆಷಿನ್ ಒಂದು ನಿಮಿಷಕ್ಕೆ ಒಂದೇ ದಮ್ಮು ಎಳೆಯುತ್ತದೆ. ಪ್ರತಿ ದಮ್ಮು 35 ಮಿ.ಲೀ., ಎರಡು ಸೆಕೆಂಡ್. ಹೊಗೆ ಹೋಗಿ ಒಂದು ಪ್ಯಾಡಿನ ಮೇಲೆ ಕೂರುತ್ತದೆ. ಅದನ್ನು ತೂಗಿ, ನೀರು ಮತ್ತು ನಿಕೋಟಿನ್ ಕಳೆದರೆ ಉಳಿಯೋದೇ ಟಾರ್ ಅಂಕಿ. ಬೇರೆ ದೇಶಗಳಲ್ಲಿ ಬಳಕೆಗೆ ಬಂದ, ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒದ ವಿಧಾನವೂ ಬಹುತೇಕ ಇದೇ. ಮನುಷ್ಯ ಎಷ್ಟು ಒಳಗೆಳೆಯುತ್ತಾನೆ ಅಂತ ತಿಳಿಯೋಕೆ ಈ ಪರೀಕ್ಷೆ ಅಲ್ಲ ಅಂತ ಆ ಕಮಿಷನ್ ಆಗಲೇ ಹೇಳಿತ್ತು. ಬ್ರ್ಯಾಂಡ್‌ಗಳನ್ನು ಒಂದೇ ಅಳತೆಯಲ್ಲಿ ಹೋಲಿಸೋಕೆ ಮಾತ್ರ ಅದು. ಜಾಹೀರಾತಿಗೆ ಬರುವಷ್ಟರಲ್ಲಿ ಆ ಮಾತು ಬಿದ್ದುಹೋಯಿತು, ಅಂಕಿ ಮಾತ್ರ ಉಳಿಯಿತು.

ಈ ಮೆಷಿನ್ ಬಗ್ಗೆ ನನಗೆ ತುಂಬಾ ಮುಖ್ಯ ಅನ್ನಿಸುವ ಚಿಕ್ಕ ಸಂಗತಿ ಒಂದಿದೆ. ಅದರ ಹಿಡಿಕೆಯೊಳಗೆ ಫಿಲ್ಟರ್ 9 ಮಿ.ಮೀ. ಮಾತ್ರ ಹೋಗುತ್ತದೆ. ತೂತುಗಳಿರೋದು 12 ಮಿ.ಮೀ. ಆಸುಪಾಸಿನಲ್ಲಿ. ಹಾಗಾಗಿ ಮೆಷಿನ್ ಸೇದುವಾಗ ಎಲ್ಲ ತೂತೂ ಪೂರ್ತಿ ತೆರೆದಿರುತ್ತದೆ. ಅದಕ್ಕೆ ತುಟಿ ಇಲ್ಲ, ಬೆರಳಿಲ್ಲ, ಸಾಲಲಿಲ್ಲ ಅನ್ನುವ ಚಡಪಡಿಕೆಯೂ ಇಲ್ಲ. ತೂತುಗಳನ್ನು ಒಂಚೂರು ಹೆಚ್ಚಿಸಿದರೆ ಸಾಕು, ಮೆಷಿನ್‌ನ ಅಂಕಿ ಇಳಿಯುತ್ತದೆ. ಅಲ್ಟ್ರಾ ಲೈಟ್ ಅಂತ ಮಾರಿದ ಕೆಲವು ಸಿಗರೇಟುಗಳಲ್ಲಿ ಪ್ರತಿ ದಮ್ಮಿನ ಮುಕ್ಕಾಲು ಪಾಲು, ಅದಕ್ಕಿಂತ ಜಾಸ್ತಿಯೂ, ಬರೀ ಗಾಳಿ ಆಗಿರುತ್ತಿತ್ತು.

ಈಗ ಮನುಷ್ಯನ ಕಡೆಗೆ ಬರೋಣ. ರೂಢಿಯಾದವರಿಗೆ ರಕ್ತದಲ್ಲಿ ಇಷ್ಟು ನಿಕೋಟಿನ್ ಇರಬೇಕು ಅಂತ ಒಂದು ಮಟ್ಟ ಇರುತ್ತದೆ. ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ, ಆಗ ಒಳಗಿನಿಂದ ಕರೆ ಬರುತ್ತದೆ. ತೆಳು ಹೊಗೆ ಸಿಕ್ಕಿದರೆ ದೇಹ ಸುಮ್ನೆ ಒಪ್ಪಿಕೊಳ್ಳುವುದಿಲ್ಲ. ದಮ್ಮು ದೊಡ್ಡದಾಗುತ್ತದೆ, ಬೇಗ ಬೇಗ ಬರುತ್ತದೆ, ಹೊಗೆಯನ್ನು ಇನ್ನೂ ಆಳಕ್ಕೆ ಎಳೆದು ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತೀರಿ, ಕೊನೆಯವರೆಗೂ ಸೇದುತ್ತೀರಿ, ಅದೂ ಸಾಲದಿದ್ದರೆ ಇನ್ನೊಂದು ಹಚ್ಚುತ್ತೀರಿ. ಇದ್ಯಾವುದನ್ನೂ ನೀವು ಬೇಕಂತ ಮಾಡಲ್ಲ. ಡಿಕಾಕ್ಷನ್ ತೆಳುವಾದ ಕಾಫಿ ಕೊಟ್ಟರೆ ನಮ್ಮವರು ಇನ್ನೊಂದು ಲೋಟ ಕೇಳಲ್ವಾ, ಹಾಗೆ. ಇದನ್ನು ನಾವು ಕಾಂಪೆನ್ಸೇಷನ್ ಅಂತೀವಿ.

ಇದರ ಜೊತೆಗೆ ತೂತು ಮುಚ್ಚೋದು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ತೋಟದಲ್ಲಿ ಜನ ಹೇಗೆ ಸೇದುತ್ತಾರೆ ಅನ್ನೋದನ್ನು ನೆನಪು ಮಾಡಿಕೊಳ್ಳಿ. ಮಳೆ, ಗಾಳಿ, ಮೇಲಿಂದ ಸಿಲ್ವರ್ ಓಕ್ ಮರದ ಹನಿ. ಸಿಗರೇಟು ನೆನೆಯಬಾರದು ಅಂತ ಅಂಗೈ ಒಳಗೆ ಮುಚ್ಚಿಕೊಂಡು, ಹೆಬ್ಬೆರಳು ತೋರುಬೆರಳಿನಿಂದ ಫಿಲ್ಟರನ್ನೇ ಚಿವುಟಿ ಹಿಡಿದಿರುತ್ತಾರೆ. ಬೆರಳು ಕೂತಿರೋದು ಸರಿಯಾಗಿ ಆ ತೂತುಗಳ ಸಾಲಿನ ಮೇಲೆ. ದೊಡ್ಡವರು ಬಂದರೆ ಮರೆಮಾಡುವವರ ಹಿಡಿತವೂ ಇದೇ. ಎರಡೂ ಕೈಯಲ್ಲಿ ಕೆಲಸ ಇದ್ದಾಗ ಸಿಗರೇಟನ್ನು ತುಟಿಯ ಒಳಗೆ ತಳ್ಳಿ ಕಚ್ಚಿಕೊಂಡರೆ, ಆಗ ತುಟಿ ಮುಚ್ಚುತ್ತದೆ. ಮುಚ್ಚಿದ ಮೇಲೆ ಅದು ಲೈಟ್ ಆಗಿ ಉಳಿಯೋದೇ ಇಲ್ಲ.

ನಿಮ್ಮದೇ ಪ್ರಮಾಣದಲ್ಲಿ ಒಂದು ಲೆಕ್ಕ ಹಾಕೋಣ. ಇದು ಒರಟು ಲೆಕ್ಕ, ಟಾರ್ ಹೊಗೆಯ ಜೊತೆಗೆ ಅಷ್ಟು ಕರಾರುವಾಕ್ಕಾಗಿ ಏರಿಳಿಯುವುದಿಲ್ಲ, ಆದರೂ ವಿಷಯ ಅರ್ಥವಾಗೋಕೆ ಸಾಕು. ತೂತಿಲ್ಲದ ಸ್ಟ್ರಾಂಗ್ ಸಿಗರೇಟಿಗೆ ಮೆಷಿನ್ 8 ದಮ್ಮು ಎಳೆಯಿತು ಅಂದುಕೊಳ್ಳಿ. 35ರಂತೆ ಒಟ್ಟು 280 ಮಿ.ಲೀ. ಹೊಗೆ. ಅದರ ಟಾರ್ ಅಂಕಿ 12 ಮಿ.ಗ್ರಾಂ ಅಂತಿಟ್ಟುಕೊಳ್ಳೋಣ. ಲೈಟ್‌ನಲ್ಲಿ ತೂತಿನಿಂದ ಅರ್ಧ ಗಾಳಿ ಬರುತ್ತದೆ. ಅದೇ 8 ದಮ್ಮಿಗೆ ಹೊಗೆ 140 ಮಿ.ಲೀ. ಮಾತ್ರ, ಅಂಕಿ 6. ನೀವು ನಂಬಿದ ಅರ್ಧ ಇದೇ.

ಈಗ ನೀವು ಸೇದಿ. ದಮ್ಮು 55 ಮಿ.ಲೀ. ಆಯಿತು, ಇದೇನೂ ವಿಪರೀತ ಅಲ್ಲ. ಕೆನಡಾದಲ್ಲಿ ಮಾಡಿದ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ದಮ್ಮಿನ ಅಳತೆ ಇಷ್ಟೇ, ಅದೂ ಅರ್ಧ ನಿಮಿಷಕ್ಕೊಂದು, ತೂತುಗಳನ್ನು ಟೇಪಿನಿಂದ ಪೂರ್ತಿ ಮುಚ್ಚಿ. ನಾವು ಅಷ್ಟು ದೂರ ಹೋಗೋದು ಬೇಡ. ನಿಮ್ಮ ಬೆರಳು ಅರ್ಧ ತೂತು ಮುಚ್ಚಿದೆ, ಗಾಳಿ ಕಾಲು ಭಾಗಕ್ಕೆ ಇಳಿದಿದೆ ಅಂತಿಟ್ಟುಕೊಳ್ಳಿ. ಒಂದು ದಮ್ಮಿಗೆ ಸುಮಾರು 40 ಮಿ.ಲೀ. ಹೊಗೆ. 8ರ ಬದಲು 10 ದಮ್ಮು ಎಳೆದರೆ 400 ಮಿ.ಲೀ. ಮೆಷಿನ್ ಹೇಳಿದ 140 ಎಲ್ಲಿ, ಈ 400 ಎಲ್ಲಿ! ಹತ್ತಿರ ಹತ್ತಿರ ಮೂರು ಪಟ್ಟು. 6 ಅನ್ನುವ ಅಂಕಿ 17ರ ಹತ್ತಿರ ಬಂತು, ಸ್ಟ್ರಾಂಗ್ ಸಿಗರೇಟಿನ 12ನ್ನೂ ದಾಟಿತು. ಸ್ಟ್ರಾಂಗ್ ಸೇದುವವನೂ ಮೆಷಿನ್‌ಗಿಂತ ಜಾಸ್ತಿ ಎಳೆಯುತ್ತಾನೆ, ಅದು ನಿಜ. ಅವನಿಗೂ ಅಂಕಿ ಸುಳ್ಳೇ. ಆದರೆ ಲೈಟ್ ಸೇದುವವನಿಗೆ ಸುಳ್ಳು ದೊಡ್ಡದು. ಇದು ಒಂದು ಸಿಗರೇಟಿನ ಮಾತು, ನಿಮ್ಮದು ದಿನಕ್ಕೆ 16.

ಇದು ಬರೀ ಕಾಗದದ ಲೆಕ್ಕ ಅಲ್ಲ. 1983ರಲ್ಲೇ ನೀಲ್ ಬೆನೊವಿಟ್ಜ್ ಮತ್ತು ಜೊತೆಗಾರರು ಸೇದುವವರ ರಕ್ತದಲ್ಲಿ ಕೊಟಿನಿನ್ ಅಳೆದು ನೋಡಿದರು. ನಿಕೋಟಿನ್ ದೇಹದಲ್ಲಿ ಒಡೆದಾಗ ಹುಟ್ಟುವ ವಸ್ತು ಅದು, ಎಷ್ಟು ಒಳಗೆ ಹೋಗಿದೆ ಅನ್ನೋದಕ್ಕೆ ಒಳ್ಳೆಯ ಸಾಕ್ಷಿ. ಬ್ರ್ಯಾಂಡಿನ ಅಂಕಿ ಕಮ್ಮಿ ಇದ್ದವರ ರಕ್ತದಲ್ಲಿ ಕಮ್ಮಿ ಇರಲೇ ಇಲ್ಲ. ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಹೇಳೋದಾದರೆ, ಅಮೆರಿಕದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಆರು ವರ್ಷ ಗಮನಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಮಧ್ಯಮ, ಕಮ್ಮಿ, ಅತಿ ಕಮ್ಮಿ ಟಾರ್ ಸೇದಿದವರ ನಡುವೆ ಕ್ಯಾನ್ಸರ್ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಫಿಲ್ಟರೇ ಇಲ್ಲದ ಹಳೆಯ ಹೆಚ್ಚು ಟಾರ್ ಸಿಗರೇಟುಗಳು ಮಾತ್ರ ಇನ್ನೂ ಕೆಟ್ಟದಾಗಿದ್ದವು. ಇನ್ನೊಂದು ವಿಷಯ ನಮ್ಮ ವೃತ್ತಿಯವರನ್ನು ಕಾಡುತ್ತಿದೆ. ಸಿಗರೇಟಿನ ವಿನ್ಯಾಸ ಬದಲಾದ ದಶಕಗಳಲ್ಲಿ ಸೇದುವವರಲ್ಲಿ ಅಡಿನೋಕಾರ್ಸಿನೋಮ ಅನ್ನುವ ಬಗೆಯ ಕ್ಯಾನ್ಸರ್ ಹೆಚ್ಚಾಯಿತು. ಅದು ಶ್ವಾಸಕೋಶದ ಅಂಚಿನ ಕಡೆ ಹುಟ್ಟುವಂಥದ್ದು. ತೂತಿನ ಫಿಲ್ಟರಿನಿಂದ ಹೊಗೆಯನ್ನು ಆಳಕ್ಕೆ ಎಳೆಯೋದು ಒಂದು ಕಾರಣ ಇರಬಹುದು ಅನ್ನುವ ಸಂಶಯ ಬಲವಾಗಿದೆ.

ಕಂಪನಿಗಳಿಗೆ ಗೊತ್ತಿರಲಿಲ್ವಾ ಅಂತ ನೀವು ಕೇಳಬಹುದು. ಗೊತ್ತಿತ್ತು. 2006ರಲ್ಲಿ ಅಮೆರಿಕದ ಫೆಡರಲ್ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ ಕೊಟ್ಟ ತೀರ್ಪಿನಲ್ಲಿ, ಜನ ಹೀಗೆ ಜಾಸ್ತಿ ಎಳೆದು ಸರಿದೂಗಿಸಿಕೊಳ್ಳುತ್ತಾರೆ ಅಂತ ಗೊತ್ತಿದ್ದೂ ದೊಡ್ಡ ತಂಬಾಕು ಕಂಪನಿಗಳು ಲೈಟ್ ಅನ್ನು ಕಮ್ಮಿ ಹಾನಿಯದ್ದು ಅನ್ನುವ ಹಾಗೆ ಮಾರಿದವು ಅಂತ ಸ್ಪಷ್ಟವಾಗಿ ಹೇಳಲಾಗಿದೆ. ಯಾರಿಗೆ ಮಾರಿದರು? ಬಿಡಬೇಕು ಅಂತ ಯೋಚಿಸುತ್ತಿದ್ದವರಿಗೆ, ಎದೆ ಭಾರ ಅನ್ನಿಸಿ ಹೆದರಿದವರಿಗೆ. ನನಗೆ ಸಿಟ್ಟು ಬರೋದು ಇಲ್ಲೇ. 11 ವರ್ಷದ ಹಿಂದೆ ನೀವು ಬಿಡುವ ಹೊಸ್ತಿಲಲ್ಲಿ ಇದ್ದಿರಿ, ಆ ಪ್ಯಾಕೆಟ್ ನಿಮ್ಮನ್ನು ಒಳಗೇ ಉಳಿಸಿಕೊಂಡಿತು.

ಯುರೋಪಿನಲ್ಲಿ 2003ರಿಂದ, ಅಮೆರಿಕದಲ್ಲಿ 2010ರಿಂದ ಈ ಪದಗಳನ್ನು ಪ್ಯಾಕೆಟ್ ಮೇಲೆ ಹಾಕುವಂತಿಲ್ಲ. ನಮ್ಮ ದೇಶದ ನಿಯಮವೂ ಇಂಥ ದಾರಿ ತಪ್ಪಿಸುವ ಪದಗಳಿಗೆ ಅವಕಾಶ ಕೊಡುವುದಿಲ್ಲ. ಆದರೆ ಪದ ಹೋದರೂ ಬಣ್ಣ ಉಳಿಯಿತು. ಬಿಳಿ, ಬೆಳ್ಳಿ, ತಿಳಿನೀಲಿ ಪ್ಯಾಕೆಟ್ ಕಂಡರೆ ಜನ ತಾವಾಗಿಯೇ ಲೈಟ್ ಅಂತಾರೆ, ಅಂಗಡಿಯವರೂ ಹಾಗೇ ಕೊಡುತ್ತಾರೆ. ತೂತೂ ಎಲ್ಲೂ ಹೋಗಿಲ್ಲ.

ನೀವು ತೂತು ಮುಚ್ಚುತ್ತಿದ್ದೀರಾ ಅಂತ ತಿಳಿಯೋಕೆ ಸುಲಭದ ದಾರಿ ಇದೆ. ಸೇದಿ ಆರಿಸಿದ ತುಂಡನ್ನು ಬಾಯಿಯ ಕಡೆಯಿಂದ ನೋಡಿ. ತೂತಿನಿಂದ ಗಾಳಿ ಬಂದಿದ್ದರೆ ಅದು ಫಿಲ್ಟರಿನ ಅಂಚಿನಲ್ಲಿ ಹರಿದಿರುತ್ತದೆ. ಹಾಗಾಗಿ ನಡುವೆ ಕಂದು ಚುಕ್ಕೆ, ಸುತ್ತಲೂ ಬಿಳಿ ಉಂಗುರ ಕಾಣುತ್ತದೆ. ತೂತು ಮುಚ್ಚಿದ್ದರೆ ಅಂಚಿನವರೆಗೂ ಒಂದೇ ಸಮ ಕಂದು. ಒಂದು ಪಕ್ಕ ಮಾತ್ರ ಕಂದು ಹರಡಿದ್ದರೆ ಆ ಪಕ್ಕ ಬೆರಳು ಕೂತಿತ್ತು ಅಂತ. ಲಿನ್ ಕೊಜ್ಲೋವ್ಸ್ಕಿ ಎಂಬ ಸಂಶೋಧಕರು 1980ರ ದಶಕದಲ್ಲಿ ಈ ಕಲೆಯ ಗುರುತನ್ನೇ ಬಳಸಿ ಜನ ಎಷ್ಟು ತೂತು ಮುಚ್ಚುತ್ತಾರೆ ಅಂತ ನೋಡಿದ್ದರು. ಆದರೆ ಇದಕ್ಕೊಂದು ಮಿತಿ ಇದೆ. ಬಿಳಿ ಉಂಗುರ ಕಂಡರೆ ಕಮ್ಮಿ ಹೊಗೆ ಹೋಗಿದೆ ಅಂತ ಅರ್ಥ ಅಲ್ಲ. ಬೆರಳು ಸರಿಸಿ ಸೇದಿದರೆ ದಮ್ಮು ಇನ್ನಷ್ಟು ಉದ್ದ ಆಗುತ್ತದೆ, ಅಷ್ಟೇ. ಹುಷಾರಾಗಿ ಹಿಡಿದು ಸೇದುತ್ತೀನಿ ಅಂತ ದಯವಿಟ್ಟು ಹೊಸ ಉಪಾಯ ಹುಡುಕಬೇಡಿ.

ಇನ್ನು ನಿಮ್ಮ ಎರಡು ದಾರಿಗಳ ವಿಷಯ. ತೆಳು ಸಿಗರೇಟಿಗೆ ಹೋದರೆ ಇದೇ ಕಥೆ ಮತ್ತೆ ಮೊದಲಿನಿಂದ. ಸ್ಟ್ರಾಂಗ್‌ಗೆ ವಾಪಸ್ ಹೋದರೂ ಲಾಭ ಇಲ್ಲ. ರೂಢಿಯಾದ ದೊಡ್ಡ ದಮ್ಮು ಮತ್ತು 16ರ ಲೆಕ್ಕ ಎರಡನ್ನೂ ಜೊತೆಗೆ ತೆಗೆದುಕೊಂಡು ಹೋಗುತ್ತೀರಿ. ಕೆಲವರು 16ರಿಂದ 5ಕ್ಕೆ ಇಳಿಸುತ್ತೀನಿ ಅಂತಾರೆ. ಬಿಡೋದಕ್ಕೆ ಮೆಟ್ಟಿಲಾಗಿ, ದಿನಾಂಕ ಇಟ್ಟುಕೊಂಡು ಮಾಡಿದರೆ ಸರಿ. ಅಲ್ಲೇ ನಿಂತರೆ ಆ ಐದನ್ನೂ ಬೇರಿನವರೆಗೆ ಎಳೆಯುತ್ತೀರಿ. ಹೃದಯಕ್ಕಂತೂ ಕಮ್ಮಿ ಸಂಖ್ಯೆ ದೊಡ್ಡ ರಕ್ಷಣೆ ಅಲ್ಲ: ದಿನಕ್ಕೆ 20 ಸೇದಿದರೆ ಬರುವ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಅರ್ಧದಷ್ಟು ದಿನಕ್ಕೆ ಒಂದೇ ಒಂದು ಸೇದಿದರೂ ಇರುತ್ತದೆ. ಸಿಗರೇಟು ಬಿಟ್ಟು ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರನ್ನೂ ನಮ್ಮಲ್ಲಿ ಬೇಕಾದಷ್ಟು ನೋಡಿದ್ದೀನಿ. ಅಲ್ಲಿಗೆ ಬಾಯಿ ಕ್ಯಾನ್ಸರಿನ ದಾರಿ ಹಿಡಿದಂತೆ. ಇ-ಸಿಗರೇಟು ಮಾರೋದು ದೇಶದಲ್ಲಿ 2019ರಿಂದ ನಿಷೇಧ, ಆ ಮಾತು ಬಿಡೋಣ.

ಹಾಗಾಗಿ ಉಳಿಯೋದು ಬಿಡೋದು. ದೇಹ ಕೇಳುತ್ತಿರೋದು ನಿಕೋಟಿನ್, ಶ್ವಾಸಕೋಶ ಕೆಡಿಸುತ್ತಿರೋದು ಹೊಗೆ. ಇವೆರಡನ್ನೂ ಬೇರೆ ಮಾಡಿದರೆ ಸುಲಭ ಆಗುತ್ತದೆ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ದಿನವಿಡೀ ಒಂದು ಮಟ್ಟ ಕೊಡುತ್ತದೆ, ತಲುಬು ಎದ್ದಾಗ ಗಮ್. ಎರಡೂ ಸೇರಿದರೆ ಒಂದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ದಿನಕ್ಕೆ 10ಕ್ಕಿಂತ ಜಾಸ್ತಿ ಸೇದುವವರಿಗೆ ಸಾಮಾನ್ಯವಾಗಿ 21 ಮಿ.ಗ್ರಾಂ ಪ್ಯಾಚಿನಿಂದ ಶುರು ಮಾಡಿ ಕೆಲವು ವಾರಗಳಲ್ಲಿ 14, ಆಮೇಲೆ 7ಕ್ಕೆ ಇಳಿಸುತ್ತೀವಿ. ಗಮ್ 2 ಮತ್ತು 4 ಮಿ.ಗ್ರಾಂನಲ್ಲಿ ಬರುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೇಬೇಕು ಅನ್ನುವವರಿಗೆ 4. ನೀವು ಪ್ಯಾಚಿನ ಜೊತೆಗೆ ಬಳಸಿದರೆ ಪ್ರಮಾಣ ಎಷ್ಟು ಅನ್ನೋದನ್ನು ವೈದ್ಯರ ಹತ್ತಿರ ಕೂತು ತೀರ್ಮಾನ ಮಾಡಿ, ಮುಖ್ಯವಾಗಿ ಬಿಪಿ, ಹೃದಯದ ತೊಂದರೆ ಇದ್ದರೆ. ವರೆನಿಕ್ಲಿನ್, ಬುಪ್ರೊಪಿಯಾನ್ ಅನ್ನುವ ಮಾತ್ರೆಗಳೂ ಇವೆ, ಅವಕ್ಕೆ ಚೀಟಿ ಬೇಕು. ಮೊದಲನೆಯದರಲ್ಲಿ ಓಕರಿಕೆ, ವಿಚಿತ್ರ ಕನಸು ಬರಬಹುದು. ಎರಡನೆಯದನ್ನು ಫಿಟ್ಸ್ ಬಂದಿದ್ದವರಿಗೆ ಕೊಡಲ್ಲ.

ಗಮ್ ಕೆಲಸ ಮಾಡಲಿಲ್ಲ ಅಂತ ಬರುವವರಲ್ಲಿ ಬಹಳ ಜನ ಅದನ್ನು ಬಬಲ್ ಗಮ್ ಥರ ಜಗಿದಿರುತ್ತಾರೆ. ಆಗ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಹೊಟ್ಟೆ ಉರಿ. ನಾಲ್ಕಾರು ಸಲ ಮೆಲ್ಲಗೆ ಜಗಿಯಿರಿ, ಖಾರ ಅಥವಾ ಚುರುಚುರು ಅನ್ನಿಸಿದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟು ಸುಮ್ಮನಿರಿ. ಚುರುಚುರು ಹೋದ ಮೇಲೆ ಮತ್ತೆ ಜಗಿದು ಇನ್ನೊಂದು ಪಕ್ಕ ಇಡಿ. ಹೀಗೆ ಅರ್ಧ ಗಂಟೆ.

ಕೊಡಗಿನವರಿಗೆ ಇಲ್ಲೊಂದು ವಿಶೇಷ ತೊಡಕು ಇದೆ: ಕಾಫಿ. ಕಾಫಿ ಕುಡಿದ ಬಾಯಿ ಹುಳಿಗೆ ತಿರುಗುತ್ತದೆ, ಆಗ ಕೆನ್ನೆಯ ಚರ್ಮ ನಿಕೋಟಿನ್ ಹೀರಿಕೊಳ್ಳುವುದು ಕಮ್ಮಿಯಾಗುತ್ತದೆ. ಗಮ್ ಹಾಕುವ ಕಾಲು ಗಂಟೆ ಮೊದಲಿನಿಂದ, ಬಾಯಲ್ಲಿ ಇರುವಷ್ಟು ಹೊತ್ತೂ ನೀರು ಬಿಟ್ಟು ಬೇರೇನೂ ಬೇಡ. ಇನ್ನೊಂದು, ಸಿಗರೇಟಿನ ಹೊಗೆ ನಮ್ಮ ಲಿವರ್ ಕೆಫೀನನ್ನು ಬೇಗ ಬೇಗ ಕರಗಿಸುವ ಹಾಗೆ ಮಾಡಿರುತ್ತದೆ. ಈ ಕೆಲಸ ಮಾಡೋದು ಹೊಗೆಯಲ್ಲಿರುವ ಟಾರ್, ನಿಕೋಟಿನ್ ಅಲ್ಲ. ಆದ್ದರಿಂದ ಪ್ಯಾಚ್ ಹಾಕಿಕೊಂಡರೂ ಹೊಗೆ ನಿಂತ ಕೆಲವೇ ದಿನಗಳಲ್ಲಿ ಅದೇ ನಾಲ್ಕು ಲೋಟ ಕಾಫಿಗೆ ರಕ್ತದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು ಆಗಬಹುದು. ಕೈ ನಡುಕ, ಎದೆ ಡವಡವ, ರಾತ್ರಿ ನಿದ್ದೆ ಇಲ್ಲ. ಜನ ಇದನ್ನು ಸಿಗರೇಟು ಬಿಟ್ಟ ಕಾಟ ಅಂತ ತಿಳಿದು ವಾಪಸ್ ಹೋಗುತ್ತಾರೆ. ಬಿಟ್ಟ ದಿನದಿಂದಲೇ ಕಾಫಿ ಅರ್ಧಕ್ಕೆ ಇಳಿಸಿ.

ಬೆಳಗಿನ ಕೆಮ್ಮು ಬಿಟ್ಟ ಮೊದಲ ಕೆಲವು ವಾರ ಜಾಸ್ತಿ ಆದರೆ ಹೆದರಬೇಡಿ, ಶ್ವಾಸನಾಳದ ಸಣ್ಣ ರೋಮಗಳು ಮತ್ತೆ ಕಫ ತಳ್ಳೋಕೆ ಶುರು ಮಾಡಿರಬಹುದು. ಆದರೆ ಅದಕ್ಕಾಗಿ ಕಾಯುವ ಮೊದಲು ಒಂದು ಎದೆ ಎಕ್ಸ್‌ರೇ, ಒಂದು ಸ್ಪೈರೋಮೆಟ್ರಿ ಮಾಡಿಸಿ. ಅದು ಕೊಳವೆಯೊಳಗೆ ಜೋರಾಗಿ ಊದುವ ಪರೀಕ್ಷೆ. 47ರ ವಯಸ್ಸಿಗೆ ಇಷ್ಟು ವರ್ಷ ಸೇದಿದವರಲ್ಲಿ ಉಸಿರಿನ ಕೊಳವೆ ಸಣ್ಣಗಾಗಿರೋದು ಏದುಸಿರು ಶುರುವಾಗುವ ಮೊದಲೇ ಇದರಲ್ಲಿ ಗೊತ್ತಾಗುತ್ತದೆ. ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯೋದು, ಮೂರು ವಾರ ಕಳೆದರೂ ಸರಿಹೋಗದ ಗೊಗ್ಗರು ದನಿ, ಇವುಗಳಲ್ಲಿ ಒಂದಿದ್ದರೂ ಕೊಯ್ಲು ಮುಗಿಯಲಿ ಅಂತ ಮುಂದೂಡಬೇಡಿ. ಸಿಗರೇಟ್ ಪ್ಯಾಕೆಟ್ ಮೇಲೆ 1800-11-2356 ಅಂತ ಒಂದು ಉಚಿತ ನಂಬರ್ ಇರುತ್ತದೆ, ಬಿಡೋಕೆ ಸಹಾಯ ಮಾಡುವ ಸರ್ಕಾರಿ ಲೈನ್ ಅದು. ಮೊದಲ ಎರಡು ವಾರ ಕಷ್ಟ ಅನ್ನಿಸಿದಾಗ ಅಲ್ಲಿಗೆ ಫೋನ್ ಮಾಡಿ. ನನ್ನ ಹತ್ತಿರ ಬರೋದಾದರೆ ಎಕ್ಸ್‌ರೇ ಜೊತೆಗೆ ಈಗ ತಗೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನೂ ತನ್ನಿ. ಸಿಗರೇಟು ನಿಂತರೆ ಕೆಫೀನ್ ಥರ ಕೆಲವು ಔಷಧಿಗಳ ಮಟ್ಟವೂ ರಕ್ತದಲ್ಲಿ ಏರುತ್ತದೆ, ಡೋಸ್ ನೋಡಬೇಕಾಗುತ್ತದೆ.